ಡಬ್ಬಿಯ ನಡುವಿನ ಹಪ್ಪಳ, ಮೀನಿನ ಹೊಟ್ಟೆ, ಬಾಳಕದ ತೊಟ್ಟು: ಅಡಗಿದ ಬೂಷ್ಟು ಹುಡುಕುವುದು ಹೇಗೆ

ಹೋದ ಆಟಿ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಮಧ್ಯಾಹ್ನ ಗಂಜಿಗೆ ಅಂತ ಅಮ್ಮ ಹಲಸಿನ ಹಪ್ಪಳದ ಡಬ್ಬಿ ತೆಗೆದರು. ಮೇಲಿನ ಕಟ್ಟು ಚೆನ್ನಾಗಿತ್ತು, ಮುರಿದರೆ ಟಕ್ ಅಂತಿತ್ತು. ಆದರೆ ಮುಚ್ಚಳ ತೆಗೆದ ಕೂಡಲೇ ಏನೋ ಒಂದು ವಾಸನೆ, ಒದ್ದೆ ಗೋಣಿ ಮೂಲೆಯಲ್ಲಿ ಬಿದ್ದಿದ್ದರೆ ಬರುತ್ತದಲ್ಲ, ಅಂಥದ್ದು. "ಮಳೆಗಾಲ ಅಲ್ವಾ ಮಗಾ, ಹಾಗೇ ಇರ್ತದೆ. ಎಣ್ಣೆಗೆ ಹಾಕಿದ್ರೆ ಎಲ್ಲ ಹೋಗ್ತದೆ" ಅಂದರು ಅಮ್ಮ. ನಾನು ಮೂರನೇ ಕಟ್ಟು ಬಿಚ್ಚಿ ನಡುವಿನ ಹಪ್ಪಳವನ್ನು ಕಿಟಕಿಗೆ ಹಿಡಿದೆ. ಸರಿಯಾಗಿ ಮಧ್ಯದಲ್ಲಿ, ನಾಲ್ಕಾಣೆ ಅಗಲದಷ್ಟು ಜಾಗದಲ್ಲಿ, ಹಸಿರು ಮಿಶ್ರ ಬೂದಿ ಬಣ್ಣದ ಪುಡಿ.

ಮಳೆಗಾಲಕ್ಕೆ ಇಟ್ಟ ಹಪ್ಪಳ, ಸಂಡಿಗೆ, ಬಾಳಕ, ಒಣಮೀನು ಯಾವುದೇ ಇರಲಿ, ನಾವು ನೋಡುವುದು ಮೇಲ್ಭಾಗವನ್ನು, ಬೂಷ್ಟು ಶುರುವಾಗುವುದು ಕೊನೆಗೆ ಒಣಗುವ ಜಾಗದಲ್ಲಿ. ಹಾಗಾಗಿ ಕೆಳಗೆ ಒಂದೊಂದೇ ಲಕ್ಷಣ ಹಿಡಿದು ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಉಪಕರಣ ಬೇಕಾದ್ದು ಆಮೇಲೆ.

ಶುರು ಮಾಡುವ ಮೊದಲು ಎರಡು ಮಾತು. ಮಳೆ ಬಿಟ್ಟ ಹೊತ್ತಿನಲ್ಲಿ, ಹಗಲು ಬೆಳಕಲ್ಲಿ, ಒಣಗಿದ ಕೈಯಲ್ಲಿ ಡಬ್ಬಿ ತೆಗೆಯಿರಿ. ಮುಖವನ್ನು ಡಬ್ಬಿಯೊಳಗೆ ಇಟ್ಟು ಮೂಸಬೇಡಿ, ಕೈಯಿಂದ ಗಾಳಿ ಬೀಸಿಕೊಂಡು ನೋಡಿದರೆ ಸಾಕು. ಮನೆಯಲ್ಲಿ ದಮ್ಮು, ಅಸ್ತಮಾ ಇರುವವರಿಗೆ ಈ ಕೆಲಸ ಕೊಡಲೇಬೇಡಿ. ಬೂಷ್ಟಿನ ಪುಡಿ ಉಸಿರಿಗೆ ಹೋದರೆ ಅವರಿಗೆ ಅಲ್ಲೇ ತೊಂದರೆ ಶುರುವಾಗಬಹುದು.

ಮೆತ್ತಗಾಗಿದೆ, ಆದರೆ ವಾಸನೆ ಇಲ್ಲ, ಬಣ್ಣವೂ ಸರಿ ಇದೆ

ಇದು ಬರೀ ಪಸೆ. ಹೆದರುವುದು ಬೇಡ, ಆದರೆ ನಾಳೆ ನೋಡೋಣ ಅಂತ ಮುಚ್ಚಿಡುವುದೂ ಬೇಡ. ಮಳೆಗಾಲದಲ್ಲಿ ಕರಾವಳಿಯ ಗಾಳಿಯಲ್ಲಿ ತೇವಾಂಶ ಶೇಕಡಾ 85–90ರ ಸುತ್ತ ಇರುವುದು ಮಾಮೂಲು. ಅಡಿಗೆ ಉಪ್ಪು ಶೇಕಡಾ 75 ದಾಟಿದ ಗಾಳಿಯಲ್ಲಿ ತಾನಾಗಿ ನೀರು ಎಳೆದುಕೊಂಡು ಕರಗಲು ಶುರು ಮಾಡುತ್ತದೆ, ಕಲ್ಲುಪ್ಪಿನಲ್ಲಿರುವ ಬೇರೆ ಲವಣಗಳು ಅದಕ್ಕೂ ಮೊದಲೇ. ಉಪ್ಪು ಹಾಕಿದ ಹಪ್ಪಳ, ಮಜ್ಜಿಗೆ ಮೆಣಸು, ಮೀನು ಎಲ್ಲವೂ ತೆರೆದಿಟ್ಟರೆ ಗಂಟೆಗಳಲ್ಲೇ ಮೆತ್ತಗಾಗುವುದು ಇದಕ್ಕೇ.

ಒಂದು ತುಂಡು ಮುರಿದು ಒಳಗೆ ನೋಡಿ. ಒಳಗೂ ಬಣ್ಣ ಒಂದೇ ಇದ್ದರೆ, ವಾಸನೆ ಇಲ್ಲದಿದ್ದರೆ, ಅವತ್ತೇ ಒಣಗಿಸಿ. ಬಿಸಿಲು ಇಲ್ಲ, ಹಾಗಾಗಿ ಓವನ್ ಇದ್ದರೆ ಅದರ ಅತಿ ಕಡಿಮೆ ಉರಿಯಲ್ಲಿ, ಬಾಗಿಲು ಒಂದು ಬೆರಳಷ್ಟು ತೆರೆದು ಒಂದೆರಡು ಗಂಟೆ ಇಡಿ. ಬಾಗಿಲು ಮುಚ್ಚಿದರೆ ಹೊರಟ ತೇವ ಅಲ್ಲೇ ಸುತ್ತುತ್ತದೆ. ಓವನ್ ಇಲ್ಲದಿದ್ದರೆ ದಪ್ಪ ಕಾವಲಿಯನ್ನು ಬಿಸಿ ಮಾಡಿ, ಒಲೆ ಆರಿಸಿ, ಅದರ ಮೇಲೆ ಹರಡಿ.

ಒಣಗಿತೋ ಇಲ್ಲವೋ ಗೊತ್ತಾಗುವುದು ಹೇಗೆ? ತಕ್ಕಡಿಯಲ್ಲಿ ತೂಗಿ. ನನ್ನದು 200 ಗ್ರಾಂ ಗೋರಿಕಾಯಿ ಬಾಳಕ ಮೊದಲ ಗಂಟೆಯಲ್ಲಿ 191ಕ್ಕೆ ಇಳಿಯಿತು, ಎರಡನೇ ಗಂಟೆಯಲ್ಲಿ 188, ಮೂರನೆಯದರಲ್ಲೂ 188. ತೂಕ ಇಳಿಯುವುದು ನಿಂತ ಮೇಲೆ ಮುಗಿಯಿತು ಅಂತ. ಪೂರ್ತಿ ತಣ್ಣಗಾದ ಮೇಲೆ ಮಾತ್ರ ಡಬ್ಬಿಗೆ ತುಂಬಿ.

ಮೇಲೆ ಬಿಳಿ ಪುಡಿ ಕಾಣುತ್ತಿದೆ

ಬಿಳಿ ಇದ್ದ ಕೂಡಲೇ ಬೂಷ್ಟು ಅಲ್ಲ. ಉದ್ದಿನ ಹಪ್ಪಳಕ್ಕೆ ಲಟ್ಟಿಸುವಾಗ ಹಾಕಿದ ಹಿಟ್ಟು ಇರುತ್ತದೆ, ಮೀನಿನ ಮೇಲೆ ಉಪ್ಪು ಹರಳುಗಟ್ಟಿರುತ್ತದೆ. ಬೇರ್ಪಡಿಸುವುದು ಸುಲಭ.

ಮೊಬೈಲ್ ಟಾರ್ಚನ್ನು ಪಕ್ಕದಿಂದ, ಮೇಲಿನಿಂದ ಅಲ್ಲ, ಅಡ್ಡಲಾಗಿ ಬಿಡಿ. ಉಪ್ಪು ಮಿಣಮಿಣ ಹೊಳೆಯುತ್ತದೆ. ಹಿಟ್ಟು ಸಮವಾಗಿ ಹರಡಿರುತ್ತದೆ, ಬೆರಳಿಗೆ ಒಣ ಪುಡಿಯಾಗಿ ಬರುತ್ತದೆ. ಬೂಷ್ಟು ಅಲ್ಲಲ್ಲಿ ಗುಂಡಗೆ ಗುಂಪಾಗಿ ಇರುತ್ತದೆ, ಅಡ್ಡ ಬೆಳಕಿಗೆ ಸಣ್ಣ ರೋಮ ಎದ್ದ ಹಾಗೆ ಕಾಣುತ್ತದೆ. ಇನ್ನೂ ಅನುಮಾನ ಇದ್ದರೆ ಒಂದು ಹನಿ ನೀರು ಬಿಡಿ. ಉಪ್ಪು ಅರ್ಧ ನಿಮಿಷದಲ್ಲಿ ಕರಗಿ ಮಾಯ. ಹಿಟ್ಟು ನೀರನ್ನು ಹಾಲಿನ ಬಣ್ಣ ಮಾಡುತ್ತದೆ. ಬೂಷ್ಟು ಕರಗುವುದಿಲ್ಲ, ಎಷ್ಟೋ ಸಲ ನೀರಿನ ಹನಿ ಅದರ ಮೇಲೆ ಮುತ್ತಿನ ಹಾಗೆ ನಿಲ್ಲುತ್ತದೆ.

ಪರೀಕ್ಷೆ ಮಾಡಿದ ತುಂಡನ್ನು ಮತ್ತೆ ಡಬ್ಬಿಗೆ ಹಾಕಬೇಡಿ. ನಾನು ಒಂದು ಸಲ ಹಾಕಿದ್ದೆ, ಅದೇ ಒದ್ದೆ ತುಂಡಿನಿಂದ ಪಕ್ಕದ ನಾಲ್ಕು ಹಾಳಾದವು.

ಕಣ್ಣಿಗೆ ಏನೂ ಕಾಣುತ್ತಿಲ್ಲ, ಮುಗ್ಗಲು ವಾಸನೆ ಮಾತ್ರ

ಇದೇ ನಮ್ಮ ಮನೆಯ ಕೇಸು, ಮತ್ತು ಜನ ಜಾಸ್ತಿ ಮೋಸ ಹೋಗುವುದೂ ಇಲ್ಲೇ. ಬೂಷ್ಟು ಬಣ್ಣ ಬರುವ ಮೊದಲೇ ಬೆಳೆಯುತ್ತಿರುತ್ತದೆ. ಹಸಿರು, ಹಳದಿ, ಕಪ್ಪು ಅಂತ ನಾವು ನೋಡುವ ಪುಡಿ ಅದರ ಬೀಜ ಇದ್ದ ಹಾಗೆ, ಸಾಕಷ್ಟು ಬೆಳೆದ ಮೇಲೆ ಬರುವಂಥದ್ದು. ಮೂಗಿಗೆ ಮೊದಲು ಗೊತ್ತಾಗುವುದಕ್ಕೆ ಕಾರಣ ಇದು.

ಪೂರ್ತಿ ಡಬ್ಬಿಯನ್ನು ಒಂದು ಪೇಪರ್ ಮೇಲೆ ಸುರಿಯುವ ಬದಲು ಮೇಲಿನಿಂದ ಒಂದೊಂದೇ ಪದರ ತೆಗೆದು ಅದೇ ಕ್ರಮದಲ್ಲಿ ಸಾಲಾಗಿ ಇಡಿ. ಕ್ರಮ ತಪ್ಪಿದರೆ ಕಾರಣ ಸಿಗುವುದಿಲ್ಲ. ಯಾಕೆಂದರೆ ಬೂಷ್ಟು ಡಬ್ಬಿಯ ಯಾವ ಜಾಗದಲ್ಲಿದೆ ಅನ್ನುವುದೇ ತಪ್ಪು ಎಲ್ಲಿ ಆಯಿತು ಅಂತ ಹೇಳುತ್ತದೆ.

ಮೇಲಿನ ಪದರದಲ್ಲಿ ಮಾತ್ರ ಇದ್ದು ಮುಚ್ಚಳದ ಒಳಗೆ ಹನಿಯ ಕಲೆ ಕಾಣುತ್ತಿದ್ದರೆ, ಬಿಸಿಲಿನಿಂದ ತಂದ ಬಿಸಿ ಹಪ್ಪಳವನ್ನೇ ತುಂಬಿದ್ದೀರಿ ಅಂತ. ರಾತ್ರಿ ಡಬ್ಬಿ ತಣ್ಣಗಾಗಿ ಒಳಗಿನ ಆವಿ ಮುಚ್ಚಳಕ್ಕೆ ಹತ್ತಿ ಕೆಳಗೆ ಬಿದ್ದಿದೆ. ಎಲ್ಲ ಹಪ್ಪಳದ ಅಂಚಿನಲ್ಲಿ ಸುತ್ತಲೂ ಇದ್ದರೆ ಹೊರಗಿನ ಗಾಳಿ ನುಗ್ಗುತ್ತಿದೆ, ಮುಚ್ಚಳ ಸಡಿಲ ಇದೆ, ಅಥವಾ ದಿನಾ ಮೂರು ಸಲ ತೆಗೆಯುತ್ತಿದ್ದೀರಿ. ಬರೀ ತಳದಲ್ಲಿ ಇದ್ದರೆ ಡಬ್ಬಿ ನೆಲದ ಮೇಲೆ ಅಥವಾ ಒದ್ದೆ ಗೋಡೆಗೆ ತಾಗಿ ಕೂತಿದೆ, ಇಲ್ಲವೇ ತೊಳೆದ ಡಬ್ಬಿಯ ತಳದಲ್ಲಿ ನೀರಿನ ಪಸೆ ಉಳಿದಿತ್ತು. ಕಟ್ಟಿನ ನಡುವೆ, ಹಪ್ಪಳದ ನಟ್ಟ ನಡುವೆ ಇದ್ದರೆ ಅದು ಮಳೆಗಾಲದ ತಪ್ಪೇ ಅಲ್ಲ, ಒಣಗಿಸಿದ್ದು ಸಾಲದು. ಮೇ ತಿಂಗಳಲ್ಲೇ ತೇವವನ್ನು ಒಳಗೆ ಕಟ್ಟಿಟ್ಟಿದ್ದೀರಿ.

ನಮ್ಮ ಡಬ್ಬಿಯಲ್ಲಿ 25ರ ಎಂಟು ಕಟ್ಟು ಇತ್ತು. ಮೇಲಿನ ಎರಡು ಕಟ್ಟಿನಲ್ಲಿ ಕಲೆ ಇಲ್ಲ. ಮೂರರಿಂದ ಆರರವರೆಗೆ ಪ್ರತಿ ಕಟ್ಟಿನಲ್ಲೂ ಹೊರಗಿನ ಐದಾರು ಹಪ್ಪಳ ಚೊಕ್ಕ, ಒಳಗಿನವು ಕಲೆ. ಅಂಚು ಗರಿಗರಿ, ನಡು ಮೆತ್ತಗೆ. ಕೈಯಲ್ಲಿ ತಟ್ಟಿದ ಹಲಸಿನ ಹಪ್ಪಳ ಯಾವತ್ತೂ ನಡುವೆ ತುಸು ದಪ್ಪ ಇರುತ್ತದೆ, ಅದು ಕೊನೆಗೆ ಒಣಗುತ್ತದೆ. ಅಮ್ಮನನ್ನು ಕೇಳಿದೆ, ಎಷ್ಟು ಬಿಸಿಲು ಕೊಟ್ಟಿರಿ? ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಎರಡು ದಿನ. ಮೂರನೇ ದಿನ ಮೋಡ ಆಯ್ತು, ಗಾಳಿಗೆ ಮಡಗಿ ಕಟ್ಟಿದೆ. ಅಂಚು ಮುರೀತಿತ್ತಲ್ಲ." ಅಂಚು ಮುರಿದು ನೋಡುವುದೇ ತಪ್ಪು. ನಡುವೆ ಮುರಿಯಬೇಕು. ನಡು ಬಾಗಿ ಆಮೇಲೆ ಹರಿದರೆ ಇನ್ನೊಂದು ಬಿಸಿಲು ಬೇಕು ಅಂತ ಅರ್ಥ.

ಏಳು, ಎಂಟನೇ ಕಟ್ಟು ಮೊದಲ ದಿನ ತಟ್ಟಿದ್ದವು, ಅವಕ್ಕೆ ಒಂದು ಬಿಸಿಲು ಜಾಸ್ತಿ ಸಿಕ್ಕಿತ್ತು. ಅವೂ ಚೆನ್ನಾಗಿದ್ದವು. ಅಲ್ಲಿಗೆ ಅನುಮಾನ ಮುಗಿಯಿತು. ಮುಚ್ಚಳ ಸರಿ ಇತ್ತು, ಡಬ್ಬಿ ಸರಿ ಇತ್ತು.

ಮೂರರಿಂದ ಆರರ ತನಕ ನಾಲ್ಕು ಕಟ್ಟು, ಅಂದರೆ ನೂರು ಹಪ್ಪಳ, ಪೂರ್ತಿ ಎಸೆದೆವು. ಹೊರಗಿನ ಚೊಕ್ಕ ಹಪ್ಪಳಗಳನ್ನೂ ಸೇರಿಸಿ. ಅಮ್ಮನಿಗೆ ಬೇಜಾರಾಯಿತು. ಆದರೆ ಒಂದೇ ಕಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಎರಡು ತಿಂಗಳು ಕೂತವುಗಳಲ್ಲಿ ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಕಣ್ಣಲ್ಲಿ ಆರಿಸಲು ಆಗುವುದಿಲ್ಲ. ಉಳಿದ ನಾಲ್ಕು ಕಟ್ಟಿನ ಮೇಲೆ ಕೆಳಗಿನ ಬಾಟಲಿ ಪರೀಕ್ಷೆ ಮಾಡಿದೆ.

ನೋಡಲು ಚೆನ್ನಾಗಿದೆ, ನಂಬಿಕೆ ಬರುತ್ತಿಲ್ಲ

ಸುಲಭದ್ದು ಮೊದಲು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಅರ್ಧದಷ್ಟು ಹಪ್ಪಳದ ಚೂರು ತುಂಬಿ, ಹುರಿದು ತಣಿಸಿದ ಪುಡಿ ಉಪ್ಪು ಎರಡು ಚಮಚ ಹಾಕಿ, ಮುಚ್ಚಿ ಅಲ್ಲಾಡಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಒಳಗೆ ತೇವ ಜಾಸ್ತಿ ಇದೆ. ಮೆಕ್ಕೆಜೋಳ ಒಣಗಿದೆಯಾ ಅಂತ ನೋಡಲು ರೈತರು ಮಾಡುವ ಪರೀಕ್ಷೆ ಇದು. ಉಪ್ಪು ಅಂಟಿದರೆ ಒದ್ದೆ ಅಂತ ಖಂಡಿತ, ಆದರೆ ಅಂಟದಿದ್ದರೆ ಸುರಕ್ಷಿತ ಅಂತ ಖಂಡಿತ ಅಲ್ಲ. ಉಪ್ಪು ಎಚ್ಚರಾಗುವುದು 75ಕ್ಕೆ, ಕೆಲವು ಬೂಷ್ಟು 70ರ ಸುತ್ತಲೇ ಎದ್ದಿರುತ್ತದೆ.

ಅದಕ್ಕೇ ಗಾಳಿಯ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಳ್ಳೆಯದು. ಬೆಂಕಿಪೊಟ್ಟಣದ ಗಾತ್ರದ್ದು, ಕೆಲವೇ ನೂರು ರೂಪಾಯಿ. ಅಗ್ಗದ ಮೀಟರ್ ಸುಳ್ಳು ಹೇಳುತ್ತದೆ, ಹಾಗಾಗಿ ಮೊದಲು ಅದನ್ನೇ ಪರೀಕ್ಷೆ ಮಾಡಬೇಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಕೆಲವು ಹನಿ ನೀರು ಹಾಕಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಎಂಟು ಗಂಟೆ ಮುಚ್ಚಿಡಿ. ಅದು 75 ತೋರಿಸಬೇಕು. ನನ್ನದು 79 ತೋರಿಸಿತು, ಹಾಗಾಗಿ ಪ್ರತಿ ಸಲ 4 ಕಳೆಯುತ್ತೇನೆ.

ಈಗ ಹಪ್ಪಳವನ್ನು ಚೂರು ಮಾಡಿ ಬಾಟಲಿಯ ಅರ್ಧಕ್ಕಿಂತ ಜಾಸ್ತಿ ತುಂಬಿ, ಮೇಲೆ ಮೀಟರ್ ಇಟ್ಟು, ಗಟ್ಟಿಯಾಗಿ ಮುಚ್ಚಿ ಒಂದು ದಿನ ಬಿಡಿ. ಬಿಸಿಲಿಗೆ, ಒಲೆ ಹತ್ತಿರ ಇಡಬೇಡಿ. ಮರುದಿನ ಬರುವ ಅಂಕಿ ಆ ಪದಾರ್ಥದೊಳಗಿನ ತೇವ ಬೂಷ್ಟಿಗೆ ಎಷ್ಟು ಸಿಗುವಂತಿದೆ ಅನ್ನುವುದನ್ನು ತೋರಿಸುತ್ತದೆ. 65ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ. 65ರಿಂದ 70 ಇದ್ದರೆ ಇನ್ನೊಮ್ಮೆ ಒಣಗಿಸಿ. 70 ದಾಟಿದ್ದರೆ ಒಳಗೆ ಬೂಷ್ಟು ಶುರುವಾಗಿರಬಹುದು, ಮುರಿದು ನೋಡಿ, ವಾಸನೆ ನೋಡಿ, ಒಂದು ಸಣ್ಣ ಅನುಮಾನ ಇದ್ದರೂ ಬಿಡಿ.

ನಮ್ಮ ಮೇಲಿನ ಕಟ್ಟುಗಳು 66, ಕೆಳಗಿನವು 63. ಎಸೆಯಲು ಇಟ್ಟಿದ್ದರಲ್ಲಿ ಒಂದು ಹಿಡಿ ಬರೀ ಕುತೂಹಲಕ್ಕೆ ಅಳೆದೆ, 73. ಆ ಬಾಟಲಿಯನ್ನೂ ಆಮೇಲೆ ಎಸೆದೆ.

ಒಣಮೀನಿನ ಬಣ್ಣ ಬದಲಾಗಿದೆ

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆ ಎರಡು ತಿಂಗಳು ನಮ್ಮ ಕಡೆ ಒಣಮೀನೇ ಗತಿ. ಮೀನಿನಲ್ಲಿ ಬಣ್ಣ ನೋಡಿಯೇ ಅರ್ಧ ಕೆಲಸ ಮುಗಿಯುತ್ತದೆ.

ಹಳದಿ, ತುಕ್ಕಿನ ಬಣ್ಣ, ಕೈಗೆ ಜಿಡ್ಡು, ಕಮಟು ವಾಸನೆ: ಇದು ಬೂಷ್ಟಲ್ಲ. ಬಂಗುಡೆಯಂಥ ಎಣ್ಣೆ ಮೀನಿನ ಕೊಬ್ಬು ಗಾಳಿಗೆ ಕೆಟ್ಟಿದೆ. ತಿಂದರೆ ಗಂಟಲು ಕೆರೆಯುತ್ತದೆ, ರುಚಿಯೂ ಇಲ್ಲ. ಸ್ವಲ್ಪವೇ ಇದ್ದರೆ ಏನು ಮಾಡುವುದು ಅನ್ನುವುದು ನಿಮ್ಮ ಇಷ್ಟ, ನಾನಾದರೆ ತಿನ್ನುವುದಿಲ್ಲ.

ಗುಲಾಬಿ ಅಥವಾ ಕೆಂಪು, ಮುಟ್ಟಿದರೆ ಲೋಳೆ: ಇದೂ ಬೂಷ್ಟಲ್ಲ, ಉಪ್ಪನ್ನೇ ಇಷ್ಟಪಡುವ ಬ್ಯಾಕ್ಟೀರಿಯಾ. ಬಿಸಿಲಲ್ಲಿ ಮಾಡಿದ ಸಮುದ್ರದ ಉಪ್ಪಿನ ಜೊತೆಗೇ ಬರುತ್ತದೆ, ಮೀನು ಪಸೆ ಹಿಡಿದಾಗ ಎದ್ದು ಕೂರುತ್ತದೆ. ಉಪ್ಪು ಜಾಸ್ತಿ ಹಾಕಿದ್ದೇನೆ, ಕೆಡುವುದಿಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಎಸೆಯಿರಿ.

ಕಾಫಿಪುಡಿ ಚಿಮುಕಿಸಿದ ಹಾಗೆ ಕಂದು ಚುಕ್ಕೆ: ಇದು ಬೂಷ್ಟು, ಹೆಸರು ವಾಲೇಮಿಯಾ. ಉಪ್ಪು ಮೀನಿನಲ್ಲೇ ಬೆಳೆಯಲು ಹೇಳಿ ಮಾಡಿಸಿದಂಥದ್ದು. ಬ್ರಷ್‌ನಲ್ಲಿ ಉಜ್ಜಿದರೆ ಚುಕ್ಕೆ ಹೋಗುತ್ತದೆ, ಮೀನು ಹೊಸದರಂತೆ ಕಾಣುತ್ತದೆ. ಅಪಾಯ ಇರುವುದೂ ಅಲ್ಲೇ. ಸಂತೆಯಲ್ಲಿ ತೀರಾ ಉಜ್ಜಿ ಒರೆಸಿದ ಹಾಗಿರುವ ಮೀನು ಕಂಡರೆ ಕಿವಿರಿನ ಒಳಗೆ ನೋಡಿ, ಅಲ್ಲಿಗೆ ಬ್ರಷ್ ಹೋಗಿರುವುದಿಲ್ಲ.

ಹಸಿರು, ಹಳದಿ ಹಸಿರು, ಕಪ್ಪು ರೋಮ: ಇದಕ್ಕೆ ವಿವರಣೆ ಬೇಡ. ಆದರೆ ಹುಡುಕುವ ಜಾಗ ಮುಖ್ಯ. ಕಿವಿರಿನ ಒಳಗೆ, ಹೊಟ್ಟೆ ಸೀಳಿದ ಜಾಗದಲ್ಲಿ, ಬೆನ್ನುಮೂಳೆಯ ಪಕ್ಕ. ಮೀನನ್ನು ಬೆನ್ನಿನ ದಪ್ಪ ಭಾಗದಲ್ಲಿ ಅಡ್ಡ ಮುರಿಯಿರಿ. ಮೂಳೆಯ ಹತ್ತಿರ ಮಾಂಸ ಬೆರಳಿಗೆ ತಣ್ಣಗೆ, ರಬ್ಬರಿನ ಹಾಗೆ ಸಿಕ್ಕಿದರೆ ಅದು ಸರಿಯಾಗಿ ಒಣಗಿಲ್ಲ. ಸೀಗಡಿ ಆದರೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಬಿಡಿಬಿಡಿಯಾಗಿ ಬಿದ್ದರೆ ಸರಿ, ಉಂಡೆಯಾಗಿ ನಿಂತರೆ ಪಸೆ.

ಉಪ್ಪು ಮೀನಿಗೆ ಬಾಟಲಿ ಪರೀಕ್ಷೆ ಮಾಡಿದರೆ ಅಂಕಿ ಬಹಳಷ್ಟು ಸಲ 70–75ರ ಸುತ್ತಲೇ ಬರುತ್ತದೆ. ಉಪ್ಪಿನ ಗುಣ ಅದು. ಅಂದರೆ ಉಪ್ಪು ಮೀನು ಯಾವಾಗಲೂ ಗೆರೆಯ ಮೇಲೆ ನಿಂತಿರುತ್ತದೆ, ಹೊರಗೆ ಇಡುವ ಬದಲು ಫ್ರಿಡ್ಜ್ ಅಥವಾ ಫ್ರೀಜರ್ ವಾಸಿ.

ಬಾಳಕ ಕರಿದರೆ ಒಳಗೆ ಕಪ್ಪು, ಕಹಿ

ಮಜ್ಜಿಗೆ ಮೆಣಸಿನ ಹೊರಗಿನ ಸಿಪ್ಪೆ ಬೇಗ ಒಣಗುತ್ತದೆ. ಒಳಗೆ ಮೊಸರು, ಉಪ್ಪು, ಬೀಜ ಇರುವ ಟೊಳ್ಳು ಹಾಗೇ ಇರುತ್ತದೆ. ಕರಿಯುವ ಮೊದಲು ನಾಲ್ಕು ಮೆಣಸನ್ನು ಉದ್ದಕ್ಕೆ ಸೀಳಿ ತೊಟ್ಟಿನ ಬುಡ ನೋಡಿ. ಬೀಜ ತಿಳಿ ಹಳದಿ ಇದ್ದು ಅಲ್ಲಾಡಿಸಿದಾಗ ಗಲಗಲ ಅಂದರೆ ಚೆನ್ನಾಗಿದೆ. ಬೀಜ ಒಂದಕ್ಕೊಂದು ಅಂಟಿ ಬೂದಿ ಎಳೆ ಕಂಡರೆ ಮುಗಿಯಿತು. ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಇನ್ನೂ ಹತ್ತು ಸೀಳಿ ನೋಡಿ, ಮತ್ತೆ ಸಿಕ್ಕರೆ ಡಬ್ಬಿ ಖಾಲಿ ಮಾಡಿ. ಹಾಗಲಕಾಯಿ, ಬೆಂಡೆಕಾಯಿಯಲ್ಲಿ ಬೀಜದ ಸುತ್ತಲಿನ ತಿರುಳು ನೋಡಬೇಕು.

ಕರಿದರೆ, ಸುಟ್ಟರೆ ಹೋಗುವುದಿಲ್ಲವಾ?

ಬೂಷ್ಟು ಸಾಯುತ್ತದೆ. ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಕೆಲವು ಬೂಷ್ಟುಗಳು ಮಾಡುವ ಅಫ್ಲಾಟಾಕ್ಸಿನ್ ಪೂರ್ತಿ ನಾಶ ಆಗಲು ಸುಮಾರು 250 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ನಮ್ಮ ಕರಿಯುವ ಎಣ್ಣೆ 180ರ ಆಸುಪಾಸಿನಲ್ಲಿ ಇರುತ್ತದೆ. ಕರಿದರೆ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಎಲ್ಲ ಬೂಷ್ಟೂ ಈ ವಿಷ ಮಾಡುವುದಿಲ್ಲ ನಿಜ, ಆದರೆ ಬಣ್ಣ ನೋಡಿ ಯಾವುದು ಮಾಡುತ್ತದೆ ಅಂತ ಮನೆಯಲ್ಲಿ ಹೇಳಲು ಆಗುವುದಿಲ್ಲ. ಬಿಸಿಲಿಗೆ ಹಾಕುವುದು, ಬಟ್ಟೆಯಲ್ಲಿ ಒರೆಸುವುದು, ತೊಳೆದು ಮತ್ತೆ ಒಣಗಿಸುವುದು, ಯಾವುದರಿಂದಲೂ ವಿಷ ಹೋಗುವುದಿಲ್ಲ. ಕಲೆ ಮಾತ್ರ ಹೋಗುತ್ತದೆ.

ಎಸೆಯುವಾಗ ಕೋಳಿಗೆ, ನಾಯಿಗೆ, ದನಕ್ಕೆ ಹಾಕಬೇಡಿ. ಈ ವಿಷ ಪತ್ತೆಯಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ದನ ತಿಂದರೆ ಹಾಲಿನಲ್ಲೂ ಬರುತ್ತದೆ. ಪುಡಿ ಹಾರದ ಹಾಗೆ ಸ್ವಲ್ಪ ನೀರು ಚಿಮುಕಿಸಿ, ತೊಟ್ಟೆಯಲ್ಲಿ ಕಟ್ಟಿ ಹಾಕಿ.

ತಿಂದಾಗಿದೆ, ಈಗೇನು?

ಒಂದೆರಡು ಹಪ್ಪಳ ತಿಂದ ಮೇಲೆ ಗೊತ್ತಾದರೆ ಗಾಬರಿ ಬೇಡ, ಅಲ್ಲಿಗೆ ನಿಲ್ಲಿಸಿ. ಬಿಡದ ವಾಂತಿ, ಹೊಟ್ಟೆನೋವು, ಕಣ್ಣು ಅಥವಾ ಮೂತ್ರ ಹಳದಿಯಾಗುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಿ, ಏನು ತಿಂದಿರಿ ಅಂತ ಹೇಳಿ. 1974ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತಿದ್ದರು. ಅವರು ವಾರಗಟ್ಟಲೆ ಅದನ್ನೇ ಊಟ ಮಾಡಿದವರು. ಮಕ್ಕಳು, ಬಸುರಿಯರು, ಮೊದಲೇ ಲಿವರ್ ತೊಂದರೆ ಇರುವವರ ವಿಷಯದಲ್ಲಿ ಕಾಯಬೇಡಿ.

ಬಂಗುಡೆ ತಿಂದು ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತಲೆನೋವು, ಮೈ ತುರಿಕೆ ಬಂದರೆ ಅದು ಬೇರೆ. ಒಣಗಿಸುವ ಮೊದಲೇ ಮೀನು ಬಿಸಿಯಲ್ಲಿ ಬಿದ್ದಿತ್ತು, ಅದರಲ್ಲಿ ಹಿಸ್ಟಮಿನ್ ಹುಟ್ಟಿದೆ. ಅದೂ ಉಪ್ಪಿಗೆ, ಬೆಂಕಿಗೆ ಹೋಗುವುದಿಲ್ಲ. ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆ.

ಫ್ರಿಡ್ಜ್‌ನಲ್ಲಿ ಇಟ್ಟರೂ ಬಂತು

ಹೆಚ್ಚಿನ ಸಲ ತಪ್ಪು ಫ್ರಿಡ್ಜ್‌ನದ್ದಲ್ಲ, ತೆಗೆಯುವ ರೀತಿಯದ್ದು. ತಣ್ಣಗಿನ ಡಬ್ಬಿಯನ್ನು ಹೊರಗೆ ತಂದು ಕೂಡಲೇ ಮುಚ್ಚಳ ತೆಗೆದರೆ ಮಳೆಗಾಲದ ಗಾಳಿ ತಣ್ಣಗಿನ ಹಪ್ಪಳದ ಮೇಲೆ ಹನಿಯಾಗಿ ಕೂರುತ್ತದೆ. ಮತ್ತೆ ಒಳಗಿಟ್ಟರೆ ಆ ಹನಿಯೂ ಒಳಗೆ. ಮುಚ್ಚಿದ ಹಾಗೇ ಒಂದು ಗಂಟೆ ಹೊರಗೆ ಬಿಟ್ಟು ಆಮೇಲೆ ತೆಗೆಯಿರಿ. ಇನ್ನೂ ಒಳ್ಳೆಯದು, ಒಂದು ಊಟಕ್ಕೆ ಬೇಕಾದಷ್ಟೇ ಸಣ್ಣ ಪೊಟ್ಟಣ ಮಾಡಿ ಇಡಿ.

ಅಜ್ಜಿಯ ಕಾಲದಲ್ಲಿ ಹಪ್ಪಳ, ಮೀನು ಎಲ್ಲ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿತ್ತು. ದಿನಕ್ಕೆ ಮೂರು ಹೊತ್ತು ಕಾವು, ಹೊಗೆ, ತಾನಾಗಿ ಒಣಗುತ್ತಲೇ ಇತ್ತು. ಗ್ಯಾಸ್ ಬಂದ ಮೇಲೆ ಅಟ್ಟ ಬರೀ ಕತ್ತಲೆ ಕೋಣೆ. ಆದರೂ ಅಮ್ಮ ಡಬ್ಬಿಯನ್ನು ಅಲ್ಲೇ ಇಡುತ್ತಿದ್ದರು. ಈಗ ಉಳಿದ ನಾಲ್ಕು ಕಟ್ಟು ಬಿಚ್ಚಿ, ಮತ್ತೊಮ್ಮೆ ಓವನ್‌ನಲ್ಲಿ ಒಣಗಿಸಿ, ಹಾರ್ಲಿಕ್ಸ್ ಬಾಟಲಿಗಳಲ್ಲಿ ಇಪ್ಪತ್ತರ ಲೆಕ್ಕದಲ್ಲಿ ತುಂಬಿಸಿದ್ದೇವೆ. ಒಂದರಲ್ಲಿ ಮೀಟರ್ ಖಾಯಂ. ಮೊನ್ನೆ ಫೋನ್ ಮಾಡಿದಾಗ ಅಮ್ಮ ಮೊದಲು ಹೇಳಿದ್ದೇ "ಅರುವತ್ತೊಂದು ಉಂಟು" ಅಂತ.